ಎಡಗೈಯ ಗೇರು

ಇರ್ಮೆಲಿ ತಕಾಲಾ ಒಂದು ಕಡೆ ಸುಮ್ಮನೆ ಕೂತಿದ್ದನ್ನು ಕಂಡವರು ಮುಲ್ತಿಯಾ ಎಂಬ ಆ ಉತ್ತರದೇಶದ ಊರಿನಲ್ಲಿ ಯಾರೂ ಇಲ್ಲ. ಕೂತರೆ ಮೊಣಕಾಲು ಅಲ್ಲಾಡುತ್ತದೆ, ಮೊಣಕಾಲನ್ನು ಒತ್ತಿ ಹಿಡಿದರೆ ಬೆರಳು ಮೇಜಿನ ಮೇಲೆ ತಾಳ ಹಾಕುತ್ತದೆ. ಇಪ್ಪತ್ತೇಳು ವರ್ಷ ಹಳ್ಳಿಗಾಡಿನಲ್ಲಿ ಅಂಚೆ ಹಂಚಿದ ಹೆಂಗಸು. ಹೋದ ಸೆಪ್ಟೆಂಬರಿನಲ್ಲಿ ನಿವೃತ್ತಿಯಾದಾಗ ಕಚೇರಿಯವರು ಹೂಗುಚ್ಛ ಕೊಟ್ಟು, ಇನ್ನು ಆರಾಮಾಗಿರಿ ಎಂದು ಹರಸಿದರು. ಆರಾಮಾಗಿರುವುದು ಹೇಗೆ ಎಂದು ಮಾತ್ರ ಯಾರೂ ಹೇಳಿಕೊಡಲಿಲ್ಲ. ಒಂದೇ ತಿಂಗಳಲ್ಲಿ ಅವಳು ಮೂರು ಚಳಿಗಾಲಕ್ಕೆ ಸಾಕಾಗುವಷ್ಟು ಕಟ್ಟಿಗೆ ಸೀಳಿದಳು, ಹಬೆಸ್ನಾನದ ಸೌನಾಕೋಣೆಯ ಹಲಗೆಗಳನ್ನೆಲ್ಲ ಬದಲಿಸಿದಳು, ನಾಯಿ ಸತ್ತು ಆರು ವರ್ಷವಾಗಿದ್ದರೂ ನಾಯಿಗೂಡಿಗೆ ಬಣ್ಣ ಹೊಡೆದಳು.

ಅವಳ ಆಯುಷ್ಯವೆಲ್ಲ ಗಾಡಿಯ ಬಲಗಡೆಯ ಸೀಟಿನಲ್ಲೇ ಕಳೆಯಿತು. ಆ ದೇಶದಲ್ಲಿ ಗಾಡಿ ಓಡಿಸುವವರು ಕೂರುವುದು ಎಡಕ್ಕೆ. ಆದರೆ ಹಳ್ಳಿಯ ಅಂಚೆ ಗಾಡಿಗೆ ಮಾತ್ರ ಸ್ಟೀರಿಂಗು ಬಲಕ್ಕಿರುತ್ತಿತ್ತು. ಕಿಟಕಿಯಿಂದ ಕೈ ಚಾಚಿದರೆ ರಸ್ತೆಯಂಚಿನ ಟಪಾಲು ಡಬ್ಬಿ ಸಿಗಬೇಕಲ್ಲ. ಹಾಗಾಗಿ ಗೇರೂ ಹ್ಯಾಂಡ್‌ಬ್ರೇಕೂ ಅವಳ ಎಡಗೈಗೆ. ಓದುತ್ತಿರುವ ನಿಮಗೆ ಎಡಗೈಯ ಗೇರಿನಲ್ಲಿ ವಿಚಿತ್ರವೇನೂ ಕಾಣಲಿಕ್ಕಿಲ್ಲ, ನಿಮ್ಮ ಊರಿನ ಬಸ್ಸೂ ಹಾಗೇ ಇದೆ. ಮುಲ್ತಿಯಾದಲ್ಲಿ ಅದೊಂದು ನಗೆಪಾಟಲು.

ವಾರದ ಕೊನೆಗೂ ಅವಳಿಗೆ ಬಲಗಡೆಯ ಸೀಟೇ. ಅಣ್ಣ ಓಸ್ಮೊನ ಕೆಂಪು ಕಡೆಟ್ ಕಾರಿನಲ್ಲಿ, ಕಾಡುದಾರಿಯ ಕಾರು ಪಂದ್ಯಗಳಲ್ಲಿ, ಹತ್ತೊಂಬತ್ತು ವರ್ಷ ಅವಳು ನಕ್ಷೆ ಓದುವವಳು. ಅಂದರೆ ರ್‍ಯಾಲಿಯ ಹಿಂದಿನ ದಿನ ಕಾಡುದಾರಿಯಲ್ಲಿ ನಿಧಾನವಾಗಿ ಹೋಗಿ ಪ್ರತಿ ತಿರುವನ್ನೂ ಬರೆದುಕೊಳ್ಳುವುದು, ಮರುದಿನ ಗಾಡಿ ಹಾರುತ್ತಿರುವಾಗ ಅದನ್ನು ಸರಿಯಾದ ಕ್ಷಣಕ್ಕೆ ಓದಿ ಹೇಳುವುದು. ಬಲ ಐದು, ಎಡ ಮೂರು, ಅಂಕೆ ಚಿಕ್ಕದಾದಷ್ಟೂ ತಿರುವು ಕಡಿದು; ಬರೀ ನೂರು ಎಂದರೆ ಮುಂದೆ ನೂರು ಮೀಟರು ನೇರ. ಓಸ್ಮೊ ಗಾಡಿ ಓಡಿಸುವುದರಲ್ಲಿ ಪಳಗಿದವನೇ. ಅವನಿಗಿದ್ದ ಒಂದೇ ರೋಗವೆಂದರೆ ತಾಳ್ಮೆಯಿಲ್ಲದ್ದು. ತಂಗಿ ‘ಕಾಯಿ’ ಎಂದರೆ ಅವನು ಕಾಯುತ್ತಿರಲಿಲ್ಲ, ಕಣ್ಣಿಗೆ ತಿರುವು ಬಿದ್ದದ್ದೇ ಗಾಡಿಯ ಬಾಲ ಸುತ್ತಿಸಲು ಹ್ಯಾಂಡ್‌ಬ್ರೇಕ್ ಎಳೆಯುತ್ತಿದ್ದ. ಕೊನೆಯ ವರ್ಷ ಆಚೆಗೇನಿದೆ ಎಂದು ಕಾಣದ ಒಂದು ಮುಸುಕು ತಿರುವಿನಲ್ಲಿ ಹೀಗೇ ಅವಸರಪಟ್ಟು ಗಾಡಿಯನ್ನು ಪೈನ್ ಮರಕ್ಕೆ ಗುದ್ದಿದ. ಇರ್ಮೆಲಿಯ ಎರಡು ಪಕ್ಕೆಲುಬು ಮುರಿಯಿತು. ಊರಿನ ಪತ್ರಿಕೆಯವರು ಕೇಳಿದಾಗ, ಓದುವುದು ಸ್ವಲ್ಪ ತಡವಾಯಿತು ಅಂದುಬಿಟ್ಟ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಪಕ್ಕೆಲುಬು ಎರಡು ತಿಂಗಳಲ್ಲಿ ಕೂಡಿತು, ಆ ಮಾತು ಮುರಿದದ್ದು ಹನ್ನೊಂದು ವರ್ಷವಾದರೂ ಕೂಡಲಿಲ್ಲ.

ಈ ಚಳಿಗಾಲ ಊರಿನ ಮೋಟಾರು ಸಂಘದವರು ಕಂಪ್ಯೂಟರಿನ ಮೇಲೆ ರ್‍ಯಾಲಿ ಸರಣಿ ಇಟ್ಟರು. ಅವರವರ ಮನೆಯಲ್ಲಿ ಸ್ಟೀರಿಂಗು, ಪೆಡಲು ಕಟ್ಟಿಕೊಂಡು ಆಟದಲ್ಲಿ ಓಡಿಸಬೇಕು, ಸಮಯ ಸಂಘಕ್ಕೆ ತಾನೇ ಹೋಗುತ್ತದೆ. ಮೂರು ಸುತ್ತು, ಒಂದೊಂದು ಸುತ್ತಿಗೂ ಒಂದೇ ಅವಕಾಶ. ಒಂದಾದರೂ ಸುತ್ತು ಮುಗಿಸಿದವರ ಹೆಸರು ಸಂಘದ ಚಾಲಕರ ಪಟ್ಟಿಗೆ ಏರುತ್ತದೆ. ಇರ್ಮೆಲಿಯ ಹೆಸರು ಆ ಸಂಘದ ಕಾಗದಗಳಲ್ಲಿ ನೂರಾರು ಕಡೆ ಇದೆ, ಎಲ್ಲ ಕಡೆಯೂ ಚಾಲಕನ ಹೆಸರಿನ ಕೆಳಗೆ, ಎರಡನೇ ಸಾಲಿನಲ್ಲಿ. ಒಂದು ಸಲ ಮೊದಲನೇ ಸಾಲಿನಲ್ಲಿ ನೋಡಬೇಕು ಎಂಬ ಆಸೆ ಅವಳಿಗೆ ಹೊಟ್ಟೆಯಲ್ಲಿ ಕಿಚ್ಚಿನ ಹಾಗೆ ಹತ್ತಿಕೊಂಡಿತು. ಅರವತ್ತೆರಡನೇ ವಯಸ್ಸಿನಲ್ಲಿ ಇಂಥ ಆಸೆಯನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ಹೇಳಿಕೊಳ್ಳಲಿಲ್ಲ, ಕೆಲಸ ಶುರುಮಾಡಿದಳು.

ಗುಜರಿಗೆ ಹೋಗಿದ್ದ ಅಂಚೆ ಗಾಡಿಯ ಸೀಟು ತಂದು ಗ್ಯಾರೇಜಿನಲ್ಲಿ ಒಂದು ಮರದ ಚೌಕಟ್ಟಿಗೆ ಬಿಗಿದಳು. ಸ್ಟೀರಿಂಗು, ಪೆಡಲು ಯಾರೋ ಬಳಸಿಬಿಟ್ಟದ್ದು. ಗೇರಿನ ಕೋಲನ್ನು ತಾನೇ ಮಾಡಿದಳು: ಹಿಂದಕ್ಕೆ ಎಳೆದರೆ ಒಂದು ಸಣ್ಣ ಸ್ವಿಚ್ಚು ಒತ್ತಿ ಗೇರು ಮೇಲಕ್ಕೆ, ಮುಂದಕ್ಕೆ ತಳ್ಳಿದರೆ ಇನ್ನೊಂದು ಸ್ವಿಚ್ಚು ಒತ್ತಿ ಕೆಳಕ್ಕೆ. ಹ್ಯಾಂಡ್‌ಬ್ರೇಕಿಗೆ ಹಳೆಯ ಗಾಡಿಯ ಕೋಲು, ಗಟ್ಟಿ ಸ್ಪ್ರಿಂಗು, ಬುಡದಲ್ಲಿ ಎಷ್ಟು ಎಳೆದರು ಎಂದು ಅಳೆಯುವ ಒಂದು ಸಣ್ಣ ಸಾಧನ. ಬ್ರೆಡ್ಡಿನ ತಗಡಿನ ಡಬ್ಬಿಗೆ ತೂತು ಕೊರೆದು ಎಂಟು ಗುಂಡಿ, ಮೂರು ಮೇಲೆ-ಕೆಳಗಿನ ಸ್ವಿಚ್ಚು ಕೂರಿಸಿದಳು. ಎಂಜಿನ್ ಶುರು, ದೀಪ, ವೈಪರು, ಕ್ಯಾಮೆರಾ. ಗಾಡಿಯನ್ನು ಹಳ್ಳದಿಂದ ಎತ್ತಿ ರಸ್ತೆಗಿಡುವ ಗುಂಡಿಗೆ ಮಾತ್ರ ಕೆಂಪು ಮುಚ್ಚಳ, ಯಾಕೆಂದರೆ ಗೊತ್ತಿಲ್ಲದೆ ತಗುಲಿದರೆ ಸೆಕೆಂಡುಗಟ್ಟಲೆ ದಂಡ. ಗೇರೂ ಹ್ಯಾಂಡ್‌ಬ್ರೇಕೂ ಎರಡನ್ನೂ ಸೀಟಿನ ಎಡಕ್ಕೆ ಬೋಲ್ಟು ಹಾಕಿದಳು. ಅದು ಎಡಕ್ಕೆ ಹೋಯಿತು ಎಂಬುದೇ ಅವಳ ಗಮನಕ್ಕೆ ಬರಲಿಲ್ಲ.

ಅದಾದ ಮೇಲೆ ನಿಜವಾದ ಕೆಲಸ. ಯಾವ ಗುಂಡಿಗೆ ಯಾವ ಕೆಲಸ ಎಂದು ಆಟಕ್ಕೆ ಒಂದೊಂದಾಗಿ ಕಲಿಸಬೇಕು. ಪರದೆಯಲ್ಲಿ ‘ಗೇರು ಮೇಲಕ್ಕೆ’ ಎಂಬ ಸಾಲನ್ನು ಆರಿಸಿದರೆ ಆಟ ಕಿವಿಗೊಟ್ಟು ಕಾಯುತ್ತದೆ, ಆಗ ಕೋಲು ಎಳೆಯಬೇಕು. ಹ್ಯಾಂಡ್‌ಬ್ರೇಕನ್ನು ಮೊದಲು ಗುಂಡಿಯಂತೆ ಕಲಿಸಿದಳು, ಆಗ ಅದು ಪೂರ್ತಿ ಹಿಡಿಯುತ್ತಿತ್ತು ಇಲ್ಲವೇ ಪೂರ್ತಿ ಬಿಡುತ್ತಿತ್ತು. ಆಮೇಲೆ ಎಳೆದಷ್ಟೇ ಹಿಡಿಯುವ ಹಾಗೆ ಬದಲಿಸಿದಳು. ಡಿಸೆಂಬರ್ ಪೂರ್ತಿ ಇದೇ ಆಯಿತು. ಮೊದಲ ಸುತ್ತಿನ ಹೊತ್ತಿಗೆ ಪೆಡಲು ಕೈಕೊಟ್ಟಿತು. ಎರಡನೇ ಸುತ್ತಿಗೆ ಎಲ್ಲವೂ ಸರಿಯಿತ್ತು, ಆದರೆ ಶುರು ಮಾಡುವ ಗುಂಡಿಯ ಮೇಲೆ ಬೆರಳಿಟ್ಟು ಒಂದೂವರೆ ಗಂಟೆ ಕೂತು, ಒತ್ತಲಾರದೆ ಎದ್ದು ಬಂದಳು. ಉಳಿದದ್ದು ಮೂರನೆಯದೊಂದೇ. ಫೆಬ್ರುವರಿಯ ಒಂದು ಭಾನುವಾರ, ಮಧ್ಯಾಹ್ನ ನಾಲ್ಕರೊಳಗೆ.

ಆ ಭಾನುವಾರ ಅವಳು ಐದಕ್ಕೇ ಎದ್ದಳು. ಹಿಂದಿನ ದಿನಗಳಲ್ಲಿ ಬರೆದಿಟ್ಟ ತಿರುವುಗಳ ಪುಸ್ತಕವನ್ನು ನಾಲ್ಕು ಸಲ ಓದಿದಳು. ಆಟದೊಳಗೇ ಓದಿ ಹೇಳುವ ಒಂದು ದನಿ ಉಂಟು, ಅದರ ಬಾಯಿಯನ್ನು ಮೊದಲ ದಿನವೇ ಮುಚ್ಚಿಸಿದ್ದಳು. ಹನ್ನೆರಡಾದರೂ ಎದೆಯ ಡವಡವ ಇಳಿಯದಿದ್ದಾಗ ಸಲಿಕೆ ಹಿಡಿದು ಪಕ್ಕದ ಮನೆಯ ಮುದುಕಿ ಲೆಂಪಿಯ ಮೆಟ್ಟಿಲ ಹಿಮ ಎತ್ತಲು ಹೋದಳು. ಮೆಟ್ಟಿಲಾಯಿತು, ದಾರಿಯಾಯಿತು, ಕೇಳದಿದ್ದರೂ ಶೆಡ್ಡಿನ ಮಾಡೂ ಆಯಿತು. ಮನೆಗೆ ಮರಳಿದಾಗ ಎರಡೂ ಕಾಲು.

ಅಂಗಳದಲ್ಲಿ ಓಸ್ಮೊನ ಗಾಡಿ ನಿಂತಿತ್ತು. ಗ್ಯಾರೇಜಿನ ಬಾಗಿಲು ತೆಗೆದರೆ ಅವನು ಸ್ಪ್ಯಾನರನ್ನು ಬಟ್ಟೆಯಿಂದ ಒರೆಸುತ್ತ, ಮಗುವಿಗೆ ಜಡೆ ಹಾಕಿ ಮುಗಿಸಿದವರ ಹಾಗೆ ತೃಪ್ತಿಯಿಂದ ನಿಂತಿದ್ದ. ಸಂಘದ ಕಾರ್ಯದರ್ಶಿ ತಾರ್ಯಾ ಅವನಿಗೆ ವಿಷಯ ಹೇಳಿದ್ದಳಂತೆ. ತಂಗಿ ಓಡಿಸುತ್ತಾಳೆ ಎಂದು ಕೇಳಿ ಸಹಾಯಕ್ಕೆ ಓಡಿಬಂದಿದ್ದ. ಗೇರೂ ಹ್ಯಾಂಡ್‌ಬ್ರೇಕೂ ಈಗ ಸೀಟಿನ ಬಲಕ್ಕಿದ್ದವು.

‘ಈಗ ನೋಡು, ಗಾಡಿ ಗಾಡಿ ಥರ ಆಯ್ತು,’ ಎಂದ. ‘ಎಡಗಡೆ ಗೇರಿಟ್ಕೊಂಡು ರ್‍ಯಾಲಿಗೆ ಹೋಗ್ತಾರೇನೇ ಯಾರಾದ್ರೂ? ಕಾಗ್ದ ಹಂಚಕ್ಕೆ ಹೊರಟಿದ್ಯಾ?’

ಅವನು ಮಾಡಿದ್ದು ಅಷ್ಟೇ ಅಲ್ಲ. ವೈರುಗಳು ಅಡ್ಡಾದಿಡ್ಡಿ ಇವೆಯೆಂದು ಎಲ್ಲವನ್ನೂ ಕಿತ್ತು, ಒಂದೇ ಯುಎಸ್‌ಬಿ ಪಟ್ಟಿಗೆ ಸಾಲಾಗಿ ಚುಚ್ಚಿದ್ದ. ಜಾಗ ಬದಲಾದದ್ದೇ ತಡ, ಈ ಆಟ ಗೇರನ್ನೂ ಬಟನ್ ಡಬ್ಬಿಯನ್ನೂ ಹೊಸ ನೆಂಟರೆಂದು ತಿಳಿದು, ಹಳೆಯ ಪಾಠವನ್ನೆಲ್ಲ ಮರೆತಿತ್ತು. ಆಗ ಓಸ್ಮೊ ತನಗೆ ಸರಿಕಂಡ ಹಾಗೆ ಎಲ್ಲಕ್ಕೂ ಕೆಲಸ ಹಂಚಿ, ಅವಳ ಹೆಸರಿನಲ್ಲೇ, ಅವಳ ಹಳೆಯದರ ಮೇಲೆಯೇ ಉಳಿಸಿಟ್ಟಿದ್ದ. ಎರಡು ತಿಂಗಳ ಕೆಲಸ ಎರಡು ಗಂಟೆಯಲ್ಲಿ ಒರೆಸಿಹೋಗಿತ್ತು. ಅವನ ಮುಖದಲ್ಲಿ ಎಳ್ಳಷ್ಟೂ ಕೆಡುಕಿರಲಿಲ್ಲ. ಕೆಡುಕಿದ್ದಿದ್ದರೆ ಜಗಳವಾಡಿ ಮುಗಿಸಬಹುದಿತ್ತು.

ಇರ್ಮೆಲಿ ಸೀಟಿಗೆ ಕೂತು ಅಭ್ಯಾಸದ ರಸ್ತೆ ತೆರೆದಳು. ಹೊರಟಳು. ಎರಡನೇ ಗೇರಿಗೆ ಎಡಗೈ ಹೋಗಿ ಗಾಳಿಯನ್ನು ಹಿಡಿಯಿತು. ಕೈಯನ್ನು ಬೈದು ಬಲಗೈಯನ್ನು ಕಳಿಸಿದಳು, ಅಷ್ಟರಲ್ಲಿ ಸ್ಟೀರಿಂಗಿನ ಮೇಲೆ ಉಳಿದಿದ್ದ ಎಡಗೈ ದಾರಿ ತಪ್ಪಿಸಿತು. ಮೊದಲ ಬಲ ತಿರುವಿನಲ್ಲೇ ಗಾಡಿ ಹಿಮದ ಗೋಡೆಗೆ ಮೂಗು ತೂರಿಸಿತು. ಇನ್ನೊಂದು ಸಲ ನೋಡಿದಳು, ಇನ್ನೊಂದು ಸಲವೂ ಅದೇ ಗೋಡೆ.

ರೂಢಿಯಾಗತ್ತೆ ಬಿಡು ಎಂದು ಓಸ್ಮೊ ಧೈರ್ಯ ಹೇಳಿದ. ಇವತ್ತು ಸುಮ್ಮನೆ ಮೆಲ್ಲಗೆ ಹೋಗಿ ಮುಗಿಸು, ಹೆಸರು ಬಂದರಾಯಿತಲ್ಲ ಎಂದ. ಬೇಕಿದ್ದರೆ ಒಂದು ಕೆಲಸ ಮಾಡೋಣ, ನಾನು ಓಡಿಸುತ್ತೇನೆ, ನೀನು ಪಕ್ಕದಲ್ಲಿ ಕೂತು ಓದು, ಮೊದಲಿನ ಹಾಗೆ. ಹೆಸರು ನಿನ್ನದೇ ಹಾಕೋಣ, ಯಾರು ನೋಡುತ್ತಾರೆ ಎಂದೂ ಅಂದ. ಅದನ್ನು ಅವನು ನಿಜವಾಗಿಯೂ ಉಡುಗೊರೆಯೆಂದೇ ತಿಳಿದು ಹೇಳಿದ್ದ.

ಒಂದು ಗಳಿಗೆ, ಹೂಂ ಎನ್ನುವ ಮಾತು ಅವಳ ನಾಲಿಗೆಯ ತುದಿಗೇ ಬಂದಿತ್ತು. ಹತ್ತೊಂಬತ್ತು ವರ್ಷದ ಅಭ್ಯಾಸ ಸಾಮಾನ್ಯದ್ದಲ್ಲ. ಅಣ್ಣನ ಪಕ್ಕದಲ್ಲಿ ಕೂತು ಓದುವುದು ಎಷ್ಟು ಸುಲಭ, ಎದೆ ಬಡಿದುಕೊಳ್ಳುವುದೂ ತಟಕ್ಕನೆ ನಿಲ್ಲುತ್ತಿತ್ತು. ಆ ಸುಲಭದ ಮೇಲೆಯೇ ಅವಳಿಗೆ ಸಿಟ್ಟು ಬಂತು. ಗಡಿಯಾರ ಎರಡೂ ಐವತ್ತು ತೋರಿಸುತ್ತಿತ್ತು.

‘ಹದ್ಮೂರರ ಸ್ಪ್ಯಾನರ್ ಕೊಡು,’ ಎಂದಳು.

ಇನ್ನಷ್ಟು ಬಿಗಿ ಮಾಡಲಿಕ್ಕೆಂದು ತಿಳಿದು ಅವನು ಕೊಟ್ಟ. ಅವಳು ಕೆಳಗೆ ಬಗ್ಗಿ ಮೊದಲ ಬೋಲ್ಟನ್ನು ಬಿಚ್ಚಿದಳು.

‘ಏ, ಏನ್ಮಾಡ್ತಿದ್ಯೇ? ಸರಿಯಾಗಿದ್ದನ್ನ ಯಾಕೆ ಕೀಳ್ತಿದ್ಯಾ?’

‘ನಿಂಗೆ ಸರಿ ಅದು,’ ಎಂದಳು ಇರ್ಮೆಲಿ, ತಲೆ ಎತ್ತದೆ. ‘ಇದು ನನ್ ಸೀಟು ಓಸ್ಮೊ. ನನ್ ಕೈ ಎಲ್ಲಿಗ್ ಹೋಗತ್ತೋ ಗೇರು ಅಲ್ಲಿರ್ಬೇಕು.’

ಎಂಟು ಬೋಲ್ಟು. ಬೆವರು ಕಣ್ಣಿಗಿಳಿಯಿತು. ಓಸ್ಮೊ ಎರಡು ಸಲ ಸಹಾಯಕ್ಕೆ ಕೈ ಚಾಚಿದ, ಎರಡು ಸಲವೂ ಅವಳು ಮೊಣಕೈಯಿಂದ ಸರಿಸಿದಳು. ಗೇರೂ ಹ್ಯಾಂಡ್‌ಬ್ರೇಕೂ ಎಡಕ್ಕೆ ಬಂದು ಕೂತಾಗ ಮೂರೂ ಹತ್ತು. ವೈರುಗಳನ್ನು ಹಳೆಯ ಜಾಗಕ್ಕೇ ಚುಚ್ಚಿದಳು. ಹಳೆಯ ಪಾಠವೇ ಉಳಿದಿರಲಿಲ್ಲವಾದ್ದರಿಂದ ಮೊದಲಿನಿಂದ ಕಲಿಸಬೇಕಿತ್ತು.

‘ಗೇರು ಮೇಲಕ್ಕೆ’ ಸಾಲನ್ನು ಆರಿಸಿ ಕೋಲು ಎಳೆದಳು. ಆಟ ‘ಬಟನ್ ಹತ್ತು’ ಎಂದು ಬರೆದುಕೊಂಡಿತು. ‘ಗೇರು ಕೆಳಕ್ಕೆ’ ಆರಿಸಿ ತಳ್ಳಿದಳು, ಅದಕ್ಕೂ ಬಟನ್ ಹತ್ತು. ಎಂಜಿನ್ ಶುರುವಿಗೂ ಬಟನ್ ಹತ್ತು. ಯಾರ ಹೆಸರು ಕೂಗಿದರೂ ಒಬ್ಬನೇ ಬಂದು ಹಾಜರಿ ಹಾಕುವ ಹಾಗಿತ್ತು. ಎಲ್ಲವನ್ನೂ ಅಳಿಸಿ ಮತ್ತೆ ಮಾಡಿದಳು, ಮತ್ತೆ ಅದೇ.

ಎಡಕ್ಕೆ ತಿರುಗಿಸಿದ್ದರಿಂದ ಗೇರು ಕೆಟ್ಟಿತು ಎಂದು ಓಸ್ಮೊ ತೀರ್ಪು ಕೊಟ್ಟ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೋಡುತ್ತ ನಿಂತವನೇ ನೆಲ ಡೊಂಕು ಎನ್ನುತ್ತಿದ್ದ. ಮೂರೂ ಇಪ್ಪತ್ತೆರಡು. ಇರ್ಮೆಲಿ ಕೋಲಿನಿಂದ ಕೈ ತೆಗೆದು, ಅಂಚೆ ವಿಂಗಡಿಸುವಾಗ ಒಂದು ಕಾಗದ ತಪ್ಪು ಗೂಡಿಗೆ ಹೋದರೆ ಹೇಗೆ ಹುಡುಕುತ್ತಿದ್ದಳೋ ಹಾಗೆ ಹುಡುಕಿದಳು. ಬಟನ್ ಹತ್ತು ಯಾವುದು? ಡಬ್ಬಿಯ ಗುಂಡಿಗಳು ಎಂಟು, ಆಮೇಲೆ ಸ್ವಿಚ್ಚುಗಳು. ಒಂಬತ್ತು ದೀಪ. ಹತ್ತು ವೈಪರು.

ವೈಪರಿನ ಸ್ವಿಚ್ಚು ಮೇಲೆ ನಿಂತಿತ್ತು. ಓಸ್ಮೊ ಪರೀಕ್ಷೆಗೆಂದು ಎತ್ತಿ ಹಾಗೇ ಬಿಟ್ಟಿದ್ದ. ಗುಂಡಿಯಾದರೆ ಬೆರಳು ತೆಗೆದ ಕೂಡಲೇ ಸುಮ್ಮನಾಗುತ್ತದೆ. ಎತ್ತಿದಲ್ಲೇ ನಿಲ್ಲುವ ಸ್ವಿಚ್ಚು ಹಾಗಲ್ಲ, ಕೆಳಗಿಳಿಸುವವರೆಗೂ ನಾನು ಇದ್ದೇನೆ, ಇದ್ದೇನೆ ಎಂದು ಕೂಗುತ್ತಲೇ ಇರುತ್ತದೆ. ಆಟ ಕಿವಿಗೊಟ್ಟಾಗಲೆಲ್ಲ ಮೊದಲು ಕೇಳಿಸುತ್ತಿದ್ದದ್ದು ಅದರ ಕೂಗೇ. ಅವಳು ಅಣ್ಣನ ಮುಖವನ್ನು ಒಮ್ಮೆ, ಸ್ವಿಚ್ಚನ್ನು ಒಮ್ಮೆ ನೋಡಿ, ಸ್ವಿಚ್ಚನ್ನು ಕೆಳಗಿಳಿಸಿದಳು.

ಆಮೇಲೆ ಒಂದೊಂದೂ ತನ್ನ ಹೆಸರಿಗೇ ಓಗೊಟ್ಟಿತು. ಎಳೆದರೆ ಮೇಲಕ್ಕೆ, ತಳ್ಳಿದರೆ ಕೆಳಕ್ಕೆ. ಕೊನೆಗೆ ಹ್ಯಾಂಡ್‌ಬ್ರೇಕು. ಪರದೆಯ ಮೇಲಿನ ಪಟ್ಟಿಯಲ್ಲಿ, ಮುಟ್ಟದಿದ್ದರೂ ಅದು ನೂರಕ್ಕೆ ನಾಲ್ಕರಷ್ಟು ಎಳೆದಿರುವಂತೆ ತೋರಿಸುತ್ತಿತ್ತು. ಬಿಚ್ಚಿ ಬಿಗಿಯುವಾಗ ಕೋಲು ಪೂರ್ತಿ ಹಿಂದಕ್ಕೆ ಕೂತಿರಲಿಲ್ಲ. ಹಾಗೇ ಹೊರಟರೆ ದಾರಿಯುದ್ದಕ್ಕೂ ಹಿಂದಿನ ಚಕ್ರ ಹಿಡಿದುಕೊಂಡೇ ಓಡಬೇಕು. ಮೊದಲ ಆರರಷ್ಟನ್ನು ಲೆಕ್ಕಿಸಬೇಡ ಎಂದು ಆಟಕ್ಕೆ ಹೇಳಿದಳು. ಪಟ್ಟಿ ಸೊನ್ನೆಗಿಳಿಯಿತು. ಎಳೆದು ನೋಡಿದಳು, ಕೈಯ ಜೊತೆಗೇ ಏರಿತು. ಮೂರೂ ಮೂವತ್ತೇಳು.

ಅಭ್ಯಾಸಕ್ಕೆ ಹೊತ್ತಿರಲಿಲ್ಲ. ತಿರುವುಗಳ ಪುಸ್ತಕವನ್ನು ಪರದೆಯ ಕೆಳಗೆ ಒರಗಿಸಿದಳು. ಅದು ಬರೀ ಧೈರ್ಯಕ್ಕೆ, ಅಕ್ಷರ ಅಕ್ಷರವೂ ಬಾಯಿಪಾಠವಾಗಿತ್ತು. ಶುರು ಮಾಡುವ ಗುಂಡಿಯ ಮೇಲೆ ಬೆರಳಿಟ್ಟಳು. ಹೋದ ಸಲದ ಒಂದೂವರೆ ಗಂಟೆ ನೆನಪಾಯಿತು. ಒತ್ತಿದಳು.

‘ಬಲ ಐದು. ನೂರು. ಎಡ ನಾಲ್ಕು, ಗುಡ್ಡ,’ ಎಂದು ಅವಳದೇ ದನಿ ಗ್ಯಾರೇಜಿನಲ್ಲಿ ಕೇಳಿಸಿತು. ಹತ್ತೊಂಬತ್ತು ವರ್ಷ ಇನ್ನೊಬ್ಬರ ಕೈಗೆ ಹೇಳಿದ್ದ ದನಿ ಈಗ ಅವಳ ಕೈಗೇ ಹೇಳುತ್ತಿತ್ತು, ಕೈ ಚಾಚೂ ತಪ್ಪದೆ ಕೇಳುತ್ತಿತ್ತು. ಎಡಗೈ ಎಳೆಯಿತು, ತಳ್ಳಿತು. ಮೊಣಕಾಲು ಅಲ್ಲಾಡುವುದು ನಿಂತದ್ದು ಅವಳಿಗೆ ಗೊತ್ತಾಗಲಿಲ್ಲ. ಆರು ಕಿಲೋಮೀಟರಿನ ಹೊತ್ತಿಗೆ ಒಮ್ಮೆ ಹಿಮದ ಗೋಡೆ ಸವರಿತು, ಒಂದು ದೀಪ ಹೋಯಿತು, ಗಾಡಿ ನಿಲ್ಲಲಿಲ್ಲ.

ಓಸ್ಮೊ ಪಕ್ಕದಲ್ಲೊಂದು ಡಬ್ಬದ ಮೇಲೆ ಕೂತಿದ್ದ. ಹತ್ತನೇ ಕಿಲೋಮೀಟರಿನಲ್ಲಿ ಪೈನ್ ಮರಗಳ ನಡುವೆ ಎಡಕ್ಕೊಂದು ಮುಸುಕು ತಿರುವು ಕಂಡಿತು, ಅವನ ಬಲಗೈ ತಾನಾಗಿ ಗಾಳಿಯಲ್ಲಿ ಏನನ್ನೋ ಎಳೆಯಿತು.

‘ಈಗ ಎಳಿ, ಎಳಿಯೇ,’ ಎಂದ.

‘ಎಡ ಒಂದು. ಕಾಯಿ,’ ಎಂದಳು ಇರ್ಮೆಲಿ. ಅವನಿಗಲ್ಲ, ತನ್ನ ಕೈಗೆ.

ಕೈ ಕಾಯಿತು. ಕಂಡದ್ದು ಬರೀ ಬಾಗು, ನಿಜವಾದ ತಿರುವು ಅದರ ಬೆನ್ನಿಗಿತ್ತು. ಮರಗಳು ಪಕ್ಕಕ್ಕೆ ಸರಿದು ಅದು ಬಾಯಿ ತೆರೆದಾಗ ಅವಳು ಕ್ಲಚ್ಚು ತುಳಿದು ಎಡಗೈಯಿಂದ ಎಳೆದಳು. ಗಾಡಿಯ ಬಾಲ ಸುತ್ತಿ ಬಂತು. ಬಿಟ್ಟಳು, ಮೊದಲನೇ ಗೇರು, ಎದುರಿಗೆ ನೇರ ರಸ್ತೆ. ಓಸ್ಮೊ ಗಾಳಿಯಲ್ಲಿದ್ದ ಕೈಯನ್ನು ತೊಡೆಗಿಳಿಸಿದ.

ಮುಗಿಯುವ ಗೆರೆ ದಾಟಿದಾಗ ಮೂರೂ ಐವತ್ತೊಂದು. ಇಪ್ಪತ್ತೆರಡು ಜನರಲ್ಲಿ ಹದಿನಾಲ್ಕನೆಯವಳು. ಅವಳು ಪರದೆಯನ್ನು ನೋಡುತ್ತ ಕೂತೇ ಇದ್ದಳು, ಕಣ್ಣಲ್ಲಿ ನೀರಾಡಿತು, ಒರೆಸಿಕೊಳ್ಳಲಿಲ್ಲ. ಸಂಘದ ನಮೂನೆ ತೆರೆದುಕೊಂಡಿತು: ಚಾಲಕರು ಯಾರು, ನಕ್ಷೆ ಓದಿದವರು ಯಾರು. ಮೊದಲನೇ ಸಾಲಿನಲ್ಲಿ ತನ್ನ ಹೆಸರು ಬರೆದಳು.

ಓಸ್ಮೊ ಪರದೆಯನ್ನು ನೋಡುತ್ತಲೇ, ‘ಆವತ್ತು ನೀನು ತಡ ಮಾಡಿರ್ಲಿಲ್ಲ,’ ಎಂದ. ಆಮೇಲೆ ನಮೂನೆಯತ್ತ ಬೊಟ್ಟು ಮಾಡಿ, ‘ಎರಡನೇ ಸಾಲಿಗೆ ನನ್ ಹೆಸ್ರು ಹಾಕ್ತೀಯೇನೋ ಅಂದ್ಕೊಂಡೆ. ಜೊತೆಗಿದ್ನಲ್ಲ.’

‘ಓದಿದ್ದು ನಾನು,’ ಎಂದು ಅವಳು ಅಲ್ಲಿಗೂ ತನ್ನ ಹೆಸರನ್ನೇ ಬರೆದಳು.

‘ಹಾಗಾದ್ರೆ ನಾನೇನ್ಮಾಡ್ಲಿ?’

‘ಕಾಫಿ ಇಡು.’

ಅವನು ಎದ್ದು ಅಡುಗೆಮನೆಗೆ ಹೋದ. ಅದು ಅವರಿಬ್ಬರೂ ಹುಟ್ಟಿ ಬೆಳೆದ ಮನೆ. ಆ ಒಲೆಯ ಕಾಫಿಯನ್ನು ಅವನು ಅರವತ್ತು ವರ್ಷದಿಂದ ಕುಡಿಯುತ್ತಿದ್ದಾನೆ. ಒಂದು ಕಪಾಟು ತೆರೆದ ಸದ್ದಾಯಿತು, ಮುಚ್ಚಿದ ಸದ್ದಾಯಿತು. ಇನ್ನೊಂದು ತೆರೆಯಿತು. ಕಾಫಿಪುಡಿ ಎಲ್ಲಿದೆಯೇ ಎಂದು ಅಲ್ಲಿಂದಲೇ ಕೂಗಿದ. ಹತ್ತೊಂಬತ್ತು ವರ್ಷ ಅವನಿಗೆ ಪ್ರತಿ ತಿರುವನ್ನೂ ಮೊದಲೇ ಹೇಳಿದ್ದ ಇರ್ಮೆಲಿ ಅಂಚೆ ಗಾಡಿಯ ಸೀಟಿಗೆ ಬೆನ್ನು ಕೊಟ್ಟು, ಕಾಲು ಚಾಚಿ, ಏನೂ ಹೇಳದೆ ಸುಮ್ಮನೆ ಕೂತಳು.